ಹಿಡಿಯ ಬುಡದಲ್ಲಿ ಬಿರುಕು ಬಿಟ್ಟ ಉರುಮಿ: ಒಂದು ರಿಪೇರಿಯ ಟಿಪ್ಪಣಿ

ಕಾಸರಗೋಡಿನ ಹತ್ತಿರದ ಒಂದು ಕಳರಿಯಿಂದ, ಅಂದರೆ ಕಳರಿಪಯಟ್ಟಿನ ಗರಡಿಯಿಂದ, ಈ ಉರುಮಿ ನನ್ನ ವರ್ಕ್‌ಶಾಪಿಗೆ ಬಂತು. ಒಂದೂವರೆ ಮೀಟರ್ ಉದ್ದ, 25 ಮಿ.ಮೀ. ಅಗಲದ ಉಕ್ಕಿನ ಪಟ್ಟಿ, ಒಂದು ತುದಿಗೆ ಬೆರಳು ಕಾಯುವ ಕಟ್ಟು ಇರುವ ಹಿತ್ತಾಳೆ ಹಿಡಿ. ಉರುಮಿ ನೋಡದವರಿಗೆ ಹೇಳುವುದಾದರೆ, ಇದು ಉತ್ತರ ಮಲಬಾರಿನ ಸಮರಕಲೆ ಕಳರಿಪಯಟ್ಟಿನಲ್ಲಿ ಬಳಸುವ, ಚಾಟಿಯ ಹಾಗೆ ಬಳುಕುವ ಕತ್ತಿ. ಸುರುಳಿ ಸುತ್ತಿ ಇಡಬಹುದು, ಬೆಲ್ಟಿನ ಹಾಗೆ ಸೊಂಟಕ್ಕೆ ಸುತ್ತಿಕೊಳ್ಳಬಹುದು. ವಡಕ್ಕನ್ ಪಾಟ್ಟು ಎಂಬ ಅಲ್ಲಿನ ಲಾವಣಿಗಳಲ್ಲಿ ಪುತ್ತೂರಂ ಮನೆಯ ವೀರವನಿತೆ ಉಣ್ಣಿಯಾರ್ಚ ಕೂತ್ತು ಎಂಬ ಆಟ ನೋಡಲು ಹೊರಟಾಗ ಜೊತೆಗೆ ಒಯ್ದದ್ದೂ ಇಂಥದ್ದನ್ನೇ. ತಮಿಳುನಾಡಿನಲ್ಲೂ ಶ್ರೀಲಂಕಾದಲ್ಲೂ ಇದರ ಬಂಧುಗಳಿವೆ, ಲಂಕೆಯದರಲ್ಲಿ ಒಂದೇ ಹಿಡಿಗೆ ಹಲವು ಪಟ್ಟಿಗಳನ್ನು ಜೋಡಿಸುವುದೂ ಉಂಟು. ನನ್ನ ಮುಂದಿದ್ದದ್ದು ಒಂಟಿ ಪಟ್ಟಿಯದು. ಅಭ್ಯಾಸಕ್ಕೆ ಇಟ್ಟದ್ದಾದ್ದರಿಂದ ಅಂಚು ಮೊಂಡು.

ಗುರುಕ್ಕಳ್, ಅಂದರೆ ಕಳರಿಯ ಗುರು, ಹೇಳಿದ ದೂರು ಚಿಕ್ಕದು: ಬೀಸುವಾಗ ಹಿಡಿಯ ಹತ್ತಿರ "ಟಿಕ್" ಎಂಬ ಸದ್ದು ಬರುತ್ತದೆ. ಬರೀ ರಿವೆಟ್ ಸಡಿಲವಾದರೆ ಅದನ್ನು ಕೈಯಲ್ಲಿ ಅಲ್ಲಾಡಿಸಿದರೇ ಗೊತ್ತಾಗುತ್ತದೆ. ಇಲ್ಲಿ ಹಿಡಿ ಗಟ್ಟಿಯಾಗಿಯೇ ಇತ್ತು. ಹಾಗಾದರೆ ಸದ್ದು ಉಕ್ಕಿನೊಳಗಿನದು.

ಬಿರುಕು ಹುಡುಕಲು ದೊಡ್ಡ ಯಂತ್ರವೇನೂ ಬೇಡ. ಪಟ್ಟಿಯ ಬುಡದ ಒಂದು ಗೇಣು ಭಾಗವನ್ನು ಎಮೆರಿ ಪೇಪರಿನಿಂದ ಬೆಳ್ಳಗೆ ಮಾಡಿ, ಸೀಮೆ ಎಣ್ಣೆ ಹಚ್ಚಿ ಅರ್ಧ ಗಂಟೆ ಬಿಟ್ಟೆ. ಆಮೇಲೆ ಒಣಬಟ್ಟೆಯಿಂದ ಪೂರ್ತಿ ಒರೆಸಿ, ಸೀಮೆಸುಣ್ಣದ ಪುಡಿ ತೆಳುವಾಗಿ ಸವರಿ, ಪಟ್ಟಿಯನ್ನು ಆಚೆ ಈಚೆ ಮೆಲ್ಲಗೆ ಬಾಗಿಸಿದೆ. ಬಿರುಕಿನೊಳಗೆ ಇಳಿದಿದ್ದ ಎಣ್ಣೆ ಹೊರಬಂದು ಪುಡಿಯ ಮೇಲೆ ಗೆರೆ ಎಳೆಯಿತು. ಹಿಡಿಯ ಬಾಯಿಯ ಪಕ್ಕದಲ್ಲೇ ಇರುವ ಮೊದಲ ರಿವೆಟ್ ತೂತಿನಿಂದ ಅಂಚಿನ ಕಡೆಗೆ, ಸುಮಾರು 6 ಮಿ.ಮೀ. ಪಟ್ಟಿಯ ಅರ್ಧ ಅಗಲ ಹನ್ನೆರಡೂವರೆ ಮಿ.ಮೀ. ಅಂದರೆ ಆ ಬದಿಯಲ್ಲಿ ಉಳಿದ ಉಕ್ಕು ಬಹಳ ಕಡಿಮೆ. ಇನ್ನೊಂದಷ್ಟು ಬೀಸಿದ್ದರೆ ಪಟ್ಟಿ ಹಿಡಿಯಿಂದ ಬಿಟ್ಟು ಹಾರುತ್ತಿತ್ತು. ವೆಲ್ಡಿಂಗ್ ಮಾಡಿ ಕೊಡಬಹುದೇ ಎಂದು ಕೇಳಿದರು. ಆಗುವುದಿಲ್ಲ. ವೆಲ್ಡಿಂಗಿನ ಬಿಸಿಗೆ ಅಕ್ಕಪಕ್ಕದ ಉಕ್ಕಿನ ಹದ ಕೆಡುತ್ತದೆ, ಒಂದು ಕಡೆ ಗಾಜಿನ ಹಾಗೆ ಪೆಡಸು, ಅದರ ಪಕ್ಕದಲ್ಲೇ ಮೆತ್ತಗೆ. ಬಳುಕಬೇಕಾದ ವಸ್ತುವಿಗೆ ಇಂಥ ಗಡಿ ಇರಲೇಬಾರದು. ಪಟ್ಟಿಯನ್ನೇ ಬದಲಿಸಬೇಕು.

ಆದರೆ ಹಳೆಯ ಪಟ್ಟಿಯನ್ನು ಮೂಲೆಗೆ ಎಸೆಯುವ ಮೊದಲು ಓದಿ ನೋಡುವುದು ಒಳ್ಳೆಯದು. ನೆಲದ ಮೇಲೆ ದಾರ ಬಿಗಿದು ಪಟ್ಟಿಯನ್ನು ಅದರ ಪಕ್ಕಕ್ಕೆ ಇಟ್ಟೆ. ಎರಡು ಕಡೆ ಅದು ದಾರ ಬಿಟ್ಟು ಹೊರಗೆ ಹೋಗಿತ್ತು. ತುದಿಯ ಹತ್ತಿರದ ಸಣ್ಣ ಸೊಟ್ಟ ನೆಲಕ್ಕೆ ಬಡಿದು ಆದದ್ದು, ಅದು ಎಲ್ಲ ಉರುಮಿಯಲ್ಲೂ ಇರುತ್ತದೆ. ಇನ್ನೊಂದು ಹಿಡಿಯಿಂದ ನಾಲ್ಕು ಬೆರಳು ಮುಂದೆ, ಒಂದೇ ಬದಿಗೆ ಬಾಗಿದ್ದು. ಅಷ್ಟು ಬುಡದಲ್ಲಿ ಪಟ್ಟಿ ನೆಲಕ್ಕೂ ತಾಗದು, ಗುರಾಣಿಗೂ ತಾಗದು. ಅಲ್ಲಿ ಶಾಶ್ವತವಾದ ಬಾಗು ಬರಬೇಕಾದರೆ ಯಾರೋ ಬೀಸುತ್ತಿದ್ದ ಕೈಯನ್ನು ಗಕ್ಕನೆ ನಿಲ್ಲಿಸಿದ್ದಾರೆ, ಅದೂ ಮತ್ತೆ ಮತ್ತೆ. ಬಿರುಕಿಗೂ ಅದೇ ಕಾರಣ. ಈ ಮಾತಿಗೆ ಆಮೇಲೆ ಬರುತ್ತೇನೆ, ಏಕೆಂದರೆ ಕಳರಿಯಲ್ಲಿ ಉರುಮಿಯನ್ನು ಯಾಕೆ ಕೊನೆಯಲ್ಲಿ ಕಲಿಸುತ್ತಾರೆ ಎಂಬುದಕ್ಕೂ ಇದೇ ಉತ್ತರ.

ಮೊದಲು ಉಕ್ಕಿನ ಲೆಕ್ಕ. ಪಟ್ಟಿ ಬಾಗಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಎಷ್ಟು ಹಿಗ್ಗುತ್ತದೆ ಎಂಬುದು ಪಟ್ಟಿಯ ದಪ್ಪವನ್ನು ಬಾಗಿನ ತ್ರಿಜ್ಯದ ಎರಡರಷ್ಟರಿಂದ ಭಾಗಿಸಿದರೆ ಸಿಗುತ್ತದೆ. ಹಳೆಯ ಪಟ್ಟಿಯ ದಪ್ಪ 1.2 ಮಿ.ಮೀ. ಸೊಂಟಕ್ಕೆ ಸುತ್ತಿದರೆ ತ್ರಿಜ್ಯ ಸುಮಾರು 13 ಸೆಂ.ಮೀ., ಹಿಗ್ಗುವಿಕೆ ಶೇಕಡಾ 0.46. ಹದವಾದ ಸ್ಪ್ರಿಂಗ್ ಸ್ಟೀಲ್ ಶೇಕಡಾ 0.6ರ ಹತ್ತಿರದವರೆಗೆ ಹಿಗ್ಗಿ ಮತ್ತೆ ನೆಟ್ಟಗಾಗುತ್ತದೆ. ಕಿಟಕಿ ಗ್ರಿಲ್ಲಿಗೆ ಹಾಕುವ ಮೈಲ್ಡ್ ಸ್ಟೀಲ್ ಶೇಕಡಾ 0.12 ದಾಟಿದರೆ ಬಾಗಿದಲ್ಲೇ ನಿಲ್ಲುತ್ತದೆ. ಹಾಗಾಗಿ ಮೈಲ್ಡ್ ಸ್ಟೀಲಿನ ಉರುಮಿಯನ್ನು ಒಮ್ಮೆ ಸೊಂಟಕ್ಕೆ ಸುತ್ತಿದರೆ ಬಿಚ್ಚಿದಾಗ ಕೈಗೆ ಬರುವುದು ಬಳೆ.

ಸೊಂಟದ ಬಾಗು ಹೀಗೆ ಸುರಕ್ಷಿತ. ಹಿಡಿಯ ಬಾಯಿಯಲ್ಲಿ ಕತೆ ಬೇರೆ. ಅಲ್ಲಿ ಪಟ್ಟಿ ಹಿತ್ತಾಳೆಯ ಚೂಪು ಅಂಚಿನ ಮೇಲೆ ಮಡಚಿಕೊಳ್ಳುತ್ತದೆ. ತ್ರಿಜ್ಯ 4 ಸೆಂ.ಮೀ.ಗೆ ಇಳಿದರೂ ಸಾಕು, ಹಿಗ್ಗುವಿಕೆ ಶೇಕಡಾ 1.5 ಆಗುತ್ತದೆ, ಯಾವ ಉಕ್ಕೂ ತಡೆಯದು. ಅದರ ಜೊತೆಗೆ ಹಿಂದಿನವರು ಆ ಅಂಚಿನಲ್ಲೇ ಪಂಚಿನಿಂದ ತೂತು ಹೊಡೆದಿದ್ದರು. ಗಟ್ಟಿ ಉಕ್ಕಿಗೆ ಪಂಚ್ ಹೊಡೆದರೆ ತೂತಿನ ಸುತ್ತ ಕಣ್ಣಿಗೆ ಕಾಣದ ಸೀಳುಗಳು ಏಳುತ್ತವೆ. ಬಾಗು, ತೂತು, ಸೀಳು ಮೂರೂ ಒಂದೇ ಜಾಗದಲ್ಲಿ ಸೇರಿದ್ದವು.

ಹೊಸ ಪಟ್ಟಿಗೆ ಏನು ತರುವುದು? ಮರದ ಮಿಲ್ಲಿನ ಹಳೆಯ ಬ್ಯಾಂಡ್‌ಸಾ ಬ್ಲೇಡ್ ಸುಲಭಕ್ಕೆ ಸಿಗುತ್ತದೆ, ಉಕ್ಕೂ ಒಳ್ಳೆಯದೇ. ಆದರೆ ಅದು ಚಕ್ರಗಳ ಮೇಲೆ ಸಾವಿರಾರು ಸಲ ಬಾಗಿ ಆಯುಷ್ಯ ಕಳೆದುಕೊಂಡ ಉಕ್ಕು, ಹಲ್ಲಿನ ಬುಡದಲ್ಲಿ ಬಿರುಕು ಹುಟ್ಟಿರುವ ಸಂಭವವೂ ಇದೆ. ಪ್ಯಾಕಿಂಗ್ ಪೆಟ್ಟಿಗೆಗೆ ಕಟ್ಟುವ ಕಬ್ಬಿಣದ ಪಟ್ಟಿಯಿಂದ ಮಾಡಿದ ಉರುಮಿಗಳನ್ನೂ ನೋಡಿದ್ದೇನೆ, ಅವು ಫೋಟೋಕ್ಕೆ ಸರಿ. ನಾನು ಹದ ಮಾಡಿಯೇ ಬರುವ ಹೈ ಕಾರ್ಬನ್ ಸ್ಪ್ರಿಂಗ್ ಸ್ಟೀಲ್ ಪಟ್ಟಿಯ ಸುರುಳಿಯಿಂದ ಒಂದು ತುಂಡು ತರಿಸಿದೆ, 25 ಮಿ.ಮೀ. ಅಗಲ, 0.8 ಮಿ.ಮೀ. ದಪ್ಪ.

1.2 ಬಿಟ್ಟು 0.8 ಯಾಕೆ ಎಂದು ಗುರುಕ್ಕಳ್ ಕೇಳಿದರು. ತೆಳುವಾದರೆ ಬೇಗ ಮುರಿಯುವುದಿಲ್ಲವೇ ಎಂಬುದು ಅವರ ಅನುಮಾನ. ಬಾಗುವ ವಸ್ತುವಿನಲ್ಲಿ ಇದು ತಿರುಗುಮುರುಗು. ಅದೇ ಬಾಗಿಗೆ ತೆಳು ಪಟ್ಟಿಯ ಮೈ ಕಡಿಮೆ ಹಿಗ್ಗುತ್ತದೆ, ಸೊಂಟಕ್ಕೆ ಸುತ್ತಿದಾಗ 0.46ರ ಜಾಗದಲ್ಲಿ 0.31. ಜೊತೆಗೆ ತೂಕ 350 ಗ್ರಾಂನಿಂದ 235 ಗ್ರಾಂಗೆ ಇಳಿಯುತ್ತದೆ. ಕಳೆದುಕೊಳ್ಳುವುದು ಬಿಗಿತವನ್ನು. ಬಿಗಿತ ದಪ್ಪದ ಘನದಂತೆ ಏರುವುದರಿಂದ ಹಳೆಯದು ಇದರ ಮೂರರಷ್ಟಕ್ಕೂ ಹೆಚ್ಚು ಬಿಗಿಯಾಗಿತ್ತು. ಹೊಸದನ್ನು ಹಿಡಿದು ಮುಂದಕ್ಕೆ ಚಾಚಿದರೆ ಪಟ್ಟಿ ಮುಂದೆ ನಿಲ್ಲುವುದೇ ಇಲ್ಲ, ಸುಮ್ಮನೆ ಇಳಿದು ನೆಲ ಮುಟ್ಟುತ್ತದೆ. ಗುರುಕ್ಕಳ್ ಅದನ್ನು ನೋಡಿ ತಲೆಯಾಡಿಸಿದರು: "ಹೀಗೇ ಇರಬೇಕು. ಹಳೆಯದು ಅರ್ಧ ವಾಳ್ ಆಗಿತ್ತು." ವಾಳ್ ಎಂದರೆ ಅವರ ಬಾಯಲ್ಲಿ ಮಾಮೂಲಿ ನೇರ ಕತ್ತಿ.

ಕತ್ತರಿಸಲು ಗ್ರೈಂಡರಿಗೆ 1 ಮಿ.ಮೀ.ನ ಕಟ್ಟಿಂಗ್ ವೀಲ್ ಹಾಕಿ, ಪ್ರತಿ ಎರಡು ಸೆಕೆಂಡಿಗೊಮ್ಮೆ ನಿಲ್ಲಿಸಿ ಒದ್ದೆ ಬಟ್ಟೆ ಒತ್ತಿದೆ. ಕತ್ತರಿಸಿದ ಅಂಚು ನೀಲಿಗೆ ತಿರುಗಿದರೆ ಚಿಂತೆಯಿಲ್ಲ, ಬೂದು ಬಣ್ಣಕ್ಕೆ ಹೋದರೆ ಹದ ಹೋಯಿತೆಂದೇ ಅರ್ಥ, ಅಷ್ಟನ್ನು ಉಜ್ಜಿ ತೆಗೆಯಬೇಕು. ತುದಿಯನ್ನು ನಾಲಗೆಯ ಆಕಾರಕ್ಕೆ ದುಂಡಗೆ ಮಾಡಿದೆ.

ಅತಿ ಹೆಚ್ಚು ಹೊತ್ತು ತಿಂದದ್ದು ಅಂಚು ಉಜ್ಜುವ ಕೆಲಸ. ಕಾರ್ಖಾನೆಯಲ್ಲಿ ಸೀಳಿದ ಪಟ್ಟಿಯ ಅಂಚಿನಲ್ಲಿ ಬೆರಳಿಗೆ ತೊಡರುವ ಸಣ್ಣ ಮುಳ್ಳು ಇರುತ್ತದೆ, ಅದು ಚರ್ಮವನ್ನು ಕೊಯ್ಯುತ್ತದೆ, ಬಿರುಕಿಗೂ ದಾರಿ ಕೊಡುತ್ತದೆ. ನುಣುಪು ಅರದಿಂದ ಶುರುಮಾಡಿ 400ರ ಎಮೆರಿಯವರೆಗೆ, ಪೂರ್ತಿ ಉದ್ದಕ್ಕೆ, ಎರಡೂ ಅಂಚು ದುಂಡಗಾಗುವವರೆಗೆ ಉಜ್ಜಬೇಕು. ಉಜ್ಜುವ ದಿಕ್ಕು ಯಾವಾಗಲೂ ಪಟ್ಟಿಯ ಉದ್ದಕ್ಕೇ. ಅಡ್ಡ ಉಜ್ಜಿದರೆ ಪ್ರತಿ ಗೀರೂ ಬಾಗಿಗೆ ಅಡ್ಡವಾಗಿ ನಿಂತು ಒಂದೊಂದು ಬಿರುಕಿನ ಬೀಜವಾಗುತ್ತದೆ.

ಹಿಡಿಯಲ್ಲಿ ಎರಡು ಬದಲಾವಣೆ ಮಾಡಿದೆ. ತೂತುಗಳನ್ನು ಬಾಯಿಯಿಂದ 3 ಸೆಂ.ಮೀ. ಒಳಕ್ಕೆ ತಳ್ಳಿದೆ, ಬಾಗು ಅಲ್ಲಿಯವರೆಗೆ ತಲುಪದ ಹಾಗೆ. ಪಂಚ್ ಬಿಟ್ಟು ಕಾರ್ಬೈಡ್ ಬಿಟ್ಟಿನಿಂದ, ಪಟ್ಟಿಯನ್ನು ಎರಡು ಕಬ್ಬಿಣದ ತುಂಡುಗಳ ನಡುವೆ ಬಿಗಿದು, ಮೆಲ್ಲಗೆ ಕೊರೆದೆ. ಬಿಟ್ ಇಳಿಯಲೆಂದು ಆ ಜಾಗವನ್ನು ಗ್ಯಾಸಿನಲ್ಲಿ ಕಾಯಿಸಿ ಮೆತ್ತಗೆ ಮಾಡುವವರಿದ್ದಾರೆ. ಉರುಮಿಯ ಬುಡದಲ್ಲಿ ಮಾತ್ರ ಹಾಗೆ ಮಾಡಬಾರದು, ಕಾವು ಮುಂದಕ್ಕೆ ಹರಿದು ಬಾಗುವ ಜಾಗವನ್ನೇ ಮೆತ್ತಗೆ ಮಾಡುತ್ತದೆ.

ಎರಡನೆಯದು ಬಾಯಿಯ ಆಕಾರ. ಹಿತ್ತಾಳೆಯ ಎರಡು ಕೆನ್ನೆಗಳನ್ನೂ 5 ಸೆಂ.ಮೀ. ಮುಂದಕ್ಕೆ ಉದ್ದ ಮಾಡಿ, ಒಳಮೈಯನ್ನು 8 ಸೆಂ.ಮೀ. ತ್ರಿಜ್ಯದ ಬಾಗಿಗೆ ಅರದಿಂದ ತಿದ್ದಿದೆ, ನಾಗಸ್ವರದ ಬಾಯಿ ಅರಳಿದ ಹಾಗೆ. ಈಗ ಪಟ್ಟಿ ಆಚೆ ಈಚೆ ಬಾಗಿದಾಗ ಕೆನ್ನೆಯ ಮೇಲೆ ಒರಗುತ್ತದೆ, ಅಲ್ಲಿ ಹಿಗ್ಗುವಿಕೆ ಶೇಕಡಾ 0.5 ಮೀರದು. ಆದರೆ ಬಾಗು ಕೆನ್ನೆ ಮುಗಿದಲ್ಲಿಗೂ ಜರುಗಬಹುದು. ಅದಕ್ಕೆ ಪಟ್ಟಿಯ ಎರಡೂ ಬದಿಗೆ 0.5 ಮಿ.ಮೀ. ದಪ್ಪದ, ಕೆನ್ನೆಯಿಂದ ಒಂದು ಗೇಣು ಮುಂದೆ ಬರುವ ಒಂದೊಂದು ಎಲೆ ಇಟ್ಟೆ. ಲಾರಿಯ ಲೀಫ್ ಸ್ಪ್ರಿಂಗಿನದೇ ಉಪಾಯ. ಎಲೆಗಳು ಹಿಡಿಯೊಳಗೆ ಮಾತ್ರ ಬಿಗಿ, ಹೊರಗೆ ಪಟ್ಟಿಯ ಮೇಲೆ ಜಾರುವಂತಿರಬೇಕು. ಅವು ಅಗಲಕ್ಕೆ ಬಿಚ್ಚಿಕೊಳ್ಳದಿರಲಿ ಎಂದು ಸಡಿಲವಾದ ಚರ್ಮದ ಉಂಗುರ ಒಂದು. ಹಳೆಯ ಉರುಮಿಗಳಲ್ಲಿ ಹೀಗೆ ಇತ್ತೆಂದು ನಾನು ಹೇಳುವುದಿಲ್ಲ, ಇದು ನನ್ನ ಸೇರಿಕೆ.

ರಿವೆಟ್ ಬದಲು 4 ಮಿ.ಮೀ.ನ ಬೋಲ್ಟ್, ಸಡಿಲವಾಗದ ನೈಲಾನ್ ನಟ್. ನೋಡಲು ರಿವೆಟಿನಷ್ಟು ಚಂದವಲ್ಲ ಎಂಬ ಗುರುಕ್ಕಳರ ಆಕ್ಷೇಪ ಸರಿಯೇ. ಆದರೆ ಬೋಲ್ಟ್ ಆದರೆ ಹಿಡಿ ಬಿಚ್ಚಿ ಒಳಗಿನ ತೂತನ್ನು ಪರೀಕ್ಷಿಸಬಹುದು, ಬಿರುಕು ಯಾವಾಗಲೂ ಮುಚ್ಚಿದ ಜಾಗದಲ್ಲಿ ಹುಟ್ಟುತ್ತದೆ.

ಕಳರಿಗೆ ಒಯ್ಯುವ ಮೊದಲು ಪರೀಕ್ಷೆ. ಹಿಡಿಯನ್ನು ವೈಸಿಗೆ ಕಚ್ಚಿಸಿ, ಪಟ್ಟಿಯನ್ನು 20 ಲೀಟರಿನ ಪೇಂಟ್ ಡಬ್ಬಿಗೆ ಎರಡೂ ದಿಕ್ಕಿನಿಂದ ಸುತ್ತಿ ಬಿಟ್ಟೆ. ನೆಲದ ದಾರದ ಪಕ್ಕಕ್ಕೆ ಇಟ್ಟರೆ ನೆಟ್ಟಗೆ ಕೂತಿತು. ಆಮೇಲೆ ಹಿಡಿಗೆ ಹಗ್ಗ ಕಟ್ಟಿ ಮಾಡಿನ ಜಂತಿಯಿಂದ ಇಳಿಬಿಟ್ಟು, ಪಟ್ಟಿಯ ಕೆಳತುದಿಗೆ ಮರದ ಕ್ಲ್ಯಾಂಪ್ ಹಾಕಿ 20 ಕಿಲೋ ತೂಕ ತೂಗುಹಾಕಿದೆ.

20 ಕಿಲೋ ಯಾಕೆ ಎಂಬುದರ ಲೆಕ್ಕದಲ್ಲೇ ಈ ಆಯುಧದ ಗುಟ್ಟು ಇದೆ. ಸೆಕೆಂಡಿಗೆ ಎರಡು ಸುತ್ತು ಬೀಸಿದರೆ ತುದಿ ಗಂಟೆಗೆ 65 ಕಿ.ಮೀ.ಗಿಂತ ಹೆಚ್ಚು ವೇಗದಲ್ಲಿ ಓಡುತ್ತದೆ, ಪಟ್ಟಿ ಕೈಯನ್ನು ಸುಮಾರು 3 ಕಿಲೋ ತೂಕದಷ್ಟು ಹೊರಕ್ಕೆ ಜಗ್ಗುತ್ತದೆ. ಗಾಬರಿಯಲ್ಲಿ ಒದರಿದಾಗಿನ ಜಗ್ಗು ಅದಕ್ಕಿಂತ ಹೆಚ್ಚು, ಅದಕ್ಕೆ ಉಳಿದ ಅಂತರ. ಉರುಮಿ ಕತ್ತಿಯಾಗಿರುವುದು ಈ ಜಗ್ಗು ಇರುವಷ್ಟು ಹೊತ್ತು ಮಾತ್ರ. ನೇರ ಕತ್ತಿಗೆ ನೆಟ್ಟಗೆ ನಿಲ್ಲುವ ಗುಣ ಉಕ್ಕಿನಿಂದ ಬರುತ್ತದೆ. ಉರುಮಿಗೆ ಅದು ಸುತ್ತುವುದರಿಂದ ಬರುತ್ತದೆ. ಸುತ್ತು ನಿಂತ ಗಳಿಗೆ ಕೈಯಲ್ಲಿರುವುದು ಕತ್ತಿಯಲ್ಲ, ಎತ್ತ ಬೇಕಾದರೂ ಬೀಳುವ ಉಕ್ಕಿನ ಪಟ್ಟಿ.

ವಾಳ್ ಮತ್ತು ಪರಿಚ, ಅಂದರೆ ಕತ್ತಿ ಗುರಾಣಿ, ಕಲಿತ ಕೈ ಇಲ್ಲಿಯೇ ಎಡವುವುದು. ಆ ಕೈಗೆ ಕಡಿದು ನಿಲ್ಲಿಸುವುದು, ತಡೆಯುವುದು, ಚುಚ್ಚುವುದು ರೂಢಿ. ಉರುಮಿಯಿಂದ ಚುಚ್ಚಲಾಗದು, ಎದುರಿನ ಪೆಟ್ಟನ್ನು ತಡೆಯಲೂ ಆಗದು. ಇನ್ನು ನಿಲ್ಲಿಸಲು ಹೋದರೆ, ಮಣಿಕಟ್ಟು ನಿಂತರೂ ಪಟ್ಟಿ ನಿಲ್ಲುವುದಿಲ್ಲ. ಬುಡ ಮಡಚಿಕೊಳ್ಳುತ್ತದೆ, ತಿರುಗುವ ಭಾಗ ಚಿಕ್ಕದಾಗುತ್ತಾ ಹೋಗಿ ತುದಿ ಇನ್ನೂ ಚುರುಕಾಗಿ ಬೀಸುವವನ ಬೆನ್ನಿಗೋ ಮೀನಖಂಡಕ್ಕೋ ಬಂದು ಸುತ್ತುತ್ತದೆ. ಹಳೆಯ ಪಟ್ಟಿಯ ನಾಲ್ಕು ಬೆರಳಿನ ಜಾಗದ ಸೊಟ್ಟ ಹೇಳಿದ್ದು ಇದನ್ನೇ. ಉಕ್ಕನ್ನು ಬಿರುಕು ಬಿಡಿಸಿದ ತಪ್ಪೂ ಮೈಗೆ ಗಾಯ ಮಾಡುವ ತಪ್ಪೂ ಬೇರೆ ಬೇರೆಯಲ್ಲ.

ಆದ್ದರಿಂದಲೇ ಕಳರಿಯ ಕ್ರಮದಲ್ಲಿ ಉರುಮಿಗೆ ಅಷ್ಟು ಹಿಂದಿನ ಸ್ಥಾನ. ಮೊದಲು ಮೆಯ್ತಾರಿ, ಬರೀ ಮೈಯ ಪಾಠ. ಬಳಿಕ ಕೋಲ್ತಾರಿ, ಮರದ ಕೋಲುಗಳು. ಆಮೇಲೆ ಅಂಕತ್ತಾರಿ, ಕಠಾರಿ, ಕತ್ತಿ, ಈಟಿ. ಲೋಹದ ಆಯುಧಗಳಲ್ಲೂ ಕೊನೆಗೆ ಉರುಮಿ. ಈ ವರ್ಷಗಳೆಲ್ಲ ಬರೀ ಶಿಸ್ತಿಗಾಗಿ ಎಂದು ಹೊರಗಿನವರು ತಿಳಿಯುತ್ತಾರೆ. ಬೆಂಚಿನ ಮುಂದೆ ಪಟ್ಟಿಯನ್ನು ಬಾಗಿಸುತ್ತಾ ನನಗೆ ಕಂಡದ್ದು ಬೇರೆ: ಉರುಮಿ ಬೀಸುವವನಿಗೆ ನಿಲ್ಲುವ ಅವಕಾಶವಿಲ್ಲ, ಅಂದ ಮೇಲೆ ಕಾಲಿನ ಕೆಲಸವನ್ನು ಆ ಹೊತ್ತಿನಲ್ಲಿ ಯೋಚಿಸಲೂ ಆಗದು. ಪಟ್ಟಿಯ ದಾರಿ ಬದಲಾಗಬೇಕಾದರೆ ಇಡೀ ಮೈ ತಿರುಗಬೇಕು. ಸೊಂಟ, ಭುಜ, ಮಣಿಕಟ್ಟು ಎಲ್ಲೂ ಸೆಟೆದುಕೊಳ್ಳದೆ ತಗ್ಗಿನ ನಿಲುವಿನಲ್ಲೂ ಸರಾಗ ಚಲಿಸಬೇಕು. ಅದನ್ನು ಮೆಯ್ತಾರಿಯಲ್ಲಿ ಮೈಗೆ ಇಳಿಸಿರಬೇಕು. ಇದು ತೋಳ್ಬಲದ ಆಯುಧವಲ್ಲ. 2017ರಲ್ಲಿ ಪದ್ಮಶ್ರೀ ಪಡೆದ ವಡಕರದ ಮೀನಾಕ್ಷಿ ಅಮ್ಮ ಎಪ್ಪತ್ತು ದಾಟಿದ ಮೇಲೂ ಕಳರಿಗಿಳಿದು ಕಾದಾಡಿ ತೋರಿಸಿದ್ದು ಏಳನೇ ವಯಸ್ಸಿನಿಂದ ಕಾಲಿಗೆ ಹತ್ತಿದ ನಡೆಯಿಂದ.

ರಿಪೇರಿಯಾದ ಉರುಮಿಯನ್ನು ಗುರುಕ್ಕಳ್ ಮೊದಲು ತಾವೇ ಬೀಸಿ ನೋಡಿದರು. ಕಳರಿಯ ಅಂಕಣ 42 ಅಡಿಗೆ 21 ಅಡಿ, ನೆಲಮಟ್ಟದಿಂದ ಕೆಳಕ್ಕೆ ಅಗೆದದ್ದು. ಉಳಿದವರೆಲ್ಲ ಮೇಲೆ ದಂಡೆಯಲ್ಲಿ ನಿಂತೆವು. ಪಟ್ಟಿಯನ್ನು ಹಿಂದೆ ನೆಲದ ಮೇಲೆ ಉದ್ದಕ್ಕೆ ಬಿಟ್ಟು, ಮೈ ಮುಂದಕ್ಕೆ ಹೋದಂತೆ ಅದನ್ನು ಎಳೆದುಕೊಂಡು ಎತ್ತಿದರು, ನಿಂತಲ್ಲಿಂದ ಒದರಲಿಲ್ಲ. ತಲೆಯ ಮೇಲೆ ಒಂದು ಸುತ್ತು, ಅಲ್ಲಿಂದ ಎಡಕ್ಕೂ ಬಲಕ್ಕೂ ಮಲಗಿದ ಎಂಟರ ಆಕಾರ. ಎಂಟರ ಮರ್ಮ ನೋಡಿ: ಅದರಲ್ಲಿ ಪಟ್ಟಿ ಎಂದೂ ಬಂದ ದಾರಿಯಲ್ಲೇ ಹಿಂದಿರುಗುವುದಿಲ್ಲ. ಸುತ್ತುವ ತಳ ಓರೆಯಾಗುತ್ತದೆ, ವೇಗ ಹಾಗೇ ಉಳಿಯುತ್ತದೆ, ಜಗ್ಗು ಒಂದು ಕ್ಷಣವೂ ತಪ್ಪುವುದಿಲ್ಲ. ಜಗ್ಗು ತಪ್ಪಿತೋ ಇಲ್ಲವೋ ಎಂಬುದು ಕಿವಿಗೇ ಕೇಳುತ್ತದೆ. ಸರಿಯಾಗಿ ಬೀಸಿದರೆ ಸದ್ದು ಒಂದೇ ಸಮನೆ ಗುಂಯ್‌ಗುಡುತ್ತದೆ, ಸಡಿಲವಾದಲ್ಲಿ ತಗಡು ಅದುರಿದ ಸದ್ದು ನಡುವೆ ಬರುತ್ತದೆ. ಮುಗಿಸುವಾಗ ಸುತ್ತನ್ನು ತಗ್ಗಿಸುತ್ತಾ ಬಂದು, ತುದಿ ಮೈಯಿಂದ ದೂರ ಓಡುತ್ತಿರುವಾಗ ನೆಲಕ್ಕೆ ಮಲಗಿಸಿದರು.

ಗುರಾಣಿಯ ಎದುರು ಬೀಸಿದಾಗ ಎದುರಾಳಿಯ ಕಷ್ಟವೂ ಕಂಡಿತು. ಪಟ್ಟಿ ಗುರಾಣಿಯ ಅಂಚಿಗೆ ತಾಗಿದರೆ ಅಲ್ಲಿಂದ ಮುಂದಿನ ಭಾಗ ಅಂಚನ್ನು ಬಳಸಿ ಹಿಂದಕ್ಕೆ ಬಾಗುತ್ತದೆ. ಹಿಡಿದವನು ಗುರಾಣಿಯನ್ನು ಮೈಯಿಂದ ದೂರ, ಮುಖಕ್ಕೆ ನೇರ ಒಡ್ಡಲೇಬೇಕು. ಇತ್ತ ಬೀಸುವವನಿಗೂ ಅಪಾಯ: ಪ್ರತಿ ತಾಗಿಗೆ ಪಟ್ಟಿಯ ವೇಗ ಅರ್ಧ ಸಾಯುತ್ತದೆ, ಆ ಅರೆಕ್ಷಣದಲ್ಲಿ ಅವನು ನಿರಾಯುಧ. ಕಾಲು ಮುಂದಿಟ್ಟು ಸುತ್ತನ್ನು ಮತ್ತೆ ಎತ್ತಿಕೊಳ್ಳುವುದನ್ನೇ ಗುರುಕ್ಕಳ್ ಶಿಷ್ಯರಿಂದ ಬೇಸರವಾಗುವಷ್ಟು ಮಾಡಿಸುತ್ತಾರೆ, ಅದೂ ಮೊದಲು ಬಟ್ಟೆಯಲ್ಲಿ. ಉದ್ದನೆಯ ಬಟ್ಟೆಯ ತುಂಡನ್ನು ಒದ್ದೆ ಮಾಡಿ ತುದಿಗೆ ಗಂಟು ಹಾಕಿ ಬೀಸಬೇಕು. ತಪ್ಪಿದರೆ ಬೆನ್ನಿಗೆ ಒದ್ದೆ ಗಂಟಿನ ಪೆಟ್ಟು, ಅಷ್ಟೇ. ಬೆನ್ನು ಒಣಗಿಯೇ ಇರುವವರಿಗೆ ಉಕ್ಕು ಸಿಗುತ್ತದೆ.

ಮಳೆಗಾಲ ಶುರುವಾದ ಮೇಲೆ ಹಿಡಿಯನ್ನು ಬಿಚ್ಚಿ ಮತ್ತೊಮ್ಮೆ ಸೀಮೆ ಎಣ್ಣೆ, ಸೀಮೆಸುಣ್ಣದ ಪುಡಿ ಹಾಕಿ ನೋಡಿದೆ. ತೂತುಗಳ ಸುತ್ತ ಗೆರೆ ಇಲ್ಲ. ಎಲೆಗಳ ತುದಿ ಪಟ್ಟಿಯನ್ನು ಉಜ್ಜಿ ಎರಡೂ ಬದಿಗೆ ಹೊಳಪಿನ ಪಟ್ಟೆ ಮೂಡಿಸಿತ್ತು, ಎಲೆಯ ಅಂಚನ್ನು ಇನ್ನಷ್ಟು ದುಂಡಗೆ ಮಾಡಿ ನಡುವೆ ಗ್ರೀಸ್ ಹಚ್ಚಿದೆ. ಒಂದು ಕಡೆ ಸೂಜಿಮೊನೆಯಷ್ಟು ತುಕ್ಕಿನ ಚುಕ್ಕೆ ಎದ್ದಿತ್ತು. ಕಳರಿಯಲ್ಲಿ ತೆಂಗಿನೆಣ್ಣೆ ಹಚ್ಚಿಡುವ ರೂಢಿ. ಅದು ತಿಂಗಳುಗಟ್ಟಲೆ ಬಿಟ್ಟರೆ ಕಮಟು ಹಿಡಿಯುತ್ತದೆ, ಮೆಷಿನ್ ಎಣ್ಣೆ ಮೇಲು. ಬಿಗಿಯಾಗಿ ಸುತ್ತಿ ಪೆಟ್ಟಿಗೆಗೆ ಹಾಕುವುದನ್ನೂ ಬಿಡಿಸಿದೆ, ಈಗ ಗೋಡೆಯ ಗೂಟಕ್ಕೆ ಹಿಡಿಯಿಂದ ನೇತು ಹಾಕುತ್ತಾರೆ.

ಹಳೆಯ ಪಟ್ಟಿಯಲ್ಲಿ ಬುಡವನ್ನೂ ತುದಿಯನ್ನೂ ಕತ್ತರಿಸಿದರೆ ಒಂದು ಮೀಟರಿನಷ್ಟು ಒಳ್ಳೆಯ ಉಕ್ಕು ಉಳಿಯುತ್ತದೆ. ಕಲಿಯುವವರಿಗೆ ಗಿಡ್ಡ ಉರುಮಿ ಮಾಡಿಕೊಡಿ ಎಂದು ಗುರುಕ್ಕಳ್ ಕೇಳಿದ್ದಾರೆ. ನಾನು ಒಪ್ಪಿಲ್ಲ. 1.2 ಮಿ.ಮೀ. ದಪ್ಪದಲ್ಲಿ ಒಂದು ಮೀಟರ್ ಪಟ್ಟಿ ಸುತ್ತದೆಯೂ ಸುಮಾರಾಗಿ ನೆಟ್ಟಗೇ ನಿಲ್ಲುತ್ತದೆ, ಕೈ ಅದನ್ನು ವಾಳ್ ಎಂದೇ ತಿಳಿದು ನಿಲ್ಲಿಸಲು ಕಲಿಯುತ್ತದೆ. 0.5 ಮಿ.ಮೀ.ನ ಪಟ್ಟಿ ಸಿಕ್ಕರೆ ಅದರಲ್ಲಿ ಮಾಡಿಕೊಡುತ್ತೇನೆ ಎಂದಿದ್ದೇನೆ.